ಮೇಳದಲ್ಲಿ ಮಸಾಲೆ ಪುಡಿಯ ಸ್ಟಾಲ್: ಯಾವುದು ಒಯ್ಯಬೇಕು, ಎಷ್ಟು ಒಯ್ಯಬೇಕು, ಯಾವುದನ್ನು ಬಿಡಬೇಕು

ನವೆಂಬರ್ ಬಂತೆಂದರೆ ಮುಂಬೈ ಸುತ್ತಲಿನ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ ಶುರು. ಒಳಗೆ ಭಾಷಣ, ಹಾಡು, ನಾಟಕ. ಹೊರಗೆ ಸಾಲಾಗಿ ಟೇಬಲ್ ಹಾಕಿ ಸೀರೆ, ಉಪ್ಪಿನಕಾಯಿ, ಹಪ್ಪಳ, ಪುಡಿಗಳ ಮಾರಾಟ. ಇದು ಸಂಕ್ರಾಂತಿಯವರೆಗೂ ಒಂದಲ್ಲ ಒಂದು ಕಡೆ ನಡೆಯುತ್ತಲೇ ಇರುತ್ತದೆ. ಮನೆಯಲ್ಲಿ ಪುಡಿ ಮಾಡಿ ಪರಿಚಯದವರಿಗೆ ಕೊಡುತ್ತಿದ್ದವರು ಮೊದಲ ಸಲ ಸ್ಟಾಲ್ ಹಾಕುವುದು ಸಾಮಾನ್ಯವಾಗಿ ಇಂಥ ಕಡೆಯೇ.

ಈ ಬರಹ ಅಂಥವರಿಗೆ. ಎಲ್ಲ ಬಗೆಯ ಸ್ಟಾಲಿನ ಬಗ್ಗೆ ಹೇಳುವುದಿಲ್ಲ. ಒಂದೇ ಉದಾಹರಣೆ ಹಿಡಿಯೋಣ. ಡೊಂಬಿವಲಿ ಕಡೆ ಒಂದು ಸಭಾಂಗಣ. ಶನಿವಾರ, ಭಾನುವಾರ ಎರಡು ಸಂಜೆ, ನಾಲ್ಕರಿಂದ ಒಂಬತ್ತು. ಆರಡಿ ಉದ್ದದ ಒಂದು ಟೇಬಲ್, ಎರಡು ಕುರ್ಚಿ. ಸ್ಟಾಲಿನಲ್ಲಿ ಇಬ್ಬರು: ಪುಡಿ ಮಾಡುವವರು ಮತ್ತು ಮನೆಯ ಇನ್ನೊಬ್ಬರು. ಎರಡು ದಿನದ ಬಾಡಿಗೆ ₹2,000, ಆಟೋ ಖರ್ಚು ₹500, ಲೇಬಲ್, ಕಾರ್ಡು, ಚಹಾ ಎಲ್ಲ ಸೇರಿ ಇನ್ನೊಂದು ₹500. ಅಂದರೆ ಒಂದು ಪ್ಯಾಕೆಟ್ ಮಾರುವ ಮೊದಲೇ ₹3,000 ಖರ್ಚು. ನಿಮ್ಮ ಅಂಕಿಗಳು ಬೇರೆ ಇರಬಹುದು, ಲೆಕ್ಕದ ದಾರಿ ಇದೇ.

ಹತ್ತು ಬಗೆಯೋ, ನಾಲ್ಕು ಬಗೆಯೋ?

ಟೇಬಲ್ ತುಂಬ ಕಾಣಲಿ ಅಂತ ಹತ್ತು ಬಗೆ ಒಯ್ಯುವವರೇ ಜಾಸ್ತಿ. ಇದರಲ್ಲಿ ಎರಡು ತೊಂದರೆ. ಒಂದೊಂದರದ್ದೂ ಹದಿನೈದು ಪ್ಯಾಕೆಟ್ ಇರುತ್ತದೆ. ಚೆನ್ನಾಗಿ ಹೋಗುವುದು ಮೊದಲ ಸಂಜೆಯೇ ಖಾಲಿ, ಹೋಗದೇ ಇರುವುದು ಅಷ್ಟಕ್ಕಷ್ಟೇ ವಾಪಸ್. ಇನ್ನೊಂದು, ಬಂದವರು ಹತ್ತನ್ನೂ ನೋಡುತ್ತಾರೆ, ಪ್ರತಿಯೊಂದನ್ನೂ "ಇದೇನು?" ಎಂದು ಕೇಳುತ್ತಾರೆ, ಹಿಂದೆ ನಿಂತವರು ಕಾದು ಕಾದು ಮುಂದಿನ ಟೇಬಲಿಗೆ ಹೋಗುತ್ತಾರೆ. ನಾಲ್ಕು ಬಗೆ ಇದ್ದರೆ ಅರ್ಧ ನಿಮಿಷದಲ್ಲಿ ಹೇಳಿ ಮುಗಿಯುತ್ತದೆ.

ಹಾಗಾದರೆ ಯಾವ ನಾಲ್ಕು? ಇಲ್ಲಿ ಊರು ನೋಡಬೇಕು. ಮುಂಬೈ ಕನ್ನಡಿಗರಲ್ಲಿ ಕರಾವಳಿಯವರು ಬಹಳ. ಅವರ ಮನೆಗೆ ಊರಿನಿಂದಲೇ ಹಪ್ಪಳ, ಮಿಡಿ ಉಪ್ಪಿನಕಾಯಿ, ಮಸಾಲೆ ಬರುತ್ತಿರುತ್ತವೆ. ಅಮ್ಮ ಕಳಿಸಿದ ಡಬ್ಬದ ಎದುರು ನಿಮ್ಮ ಪ್ಯಾಕೆಟ್ ನಿಲ್ಲುವುದು ಕಷ್ಟ. ಪುಣೆಯ ಕಡೆ ಹೋದರೆ ಉತ್ತರ ಕರ್ನಾಟಕದವರು ಹೆಚ್ಚು ಸಿಗುತ್ತಾರೆ. ಅಲ್ಲಿ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಖಡಕ್ ರೊಟ್ಟಿ ಅಂದರೆ ಕಣ್ಣು ಹೊಳೆಯುತ್ತದೆ. ಆದರೆ ಅವನ್ನು ಮಾರುವವರೂ ಅಲ್ಲಿ ಪಕ್ಕದ ಟೇಬಲಿನಲ್ಲೇ ಇರುತ್ತಾರೆ.

ಇನ್ನು ಮರಾಠಿ ಗಿರಾಕಿಗಳು. ಸಂಘದ ಮೇಳ ಅಂದರೆ ಬರೀ ಕನ್ನಡಿಗರು ಬರುತ್ತಾರೆ ಅಂದುಕೊಳ್ಳಬೇಡಿ. ಅಕ್ಕಪಕ್ಕದ ಸೊಸೈಟಿಯವರು ಸಂಜೆ ಸುಮ್ನೆ ಒಂದು ಸುತ್ತು ಬಂದು ಹೋಗುತ್ತಾರೆ. ಅವರ ಮನೆಯಲ್ಲಿ ಶೇಂಗಾ ಚಟ್ನಿ ಇದ್ದೇ ಇರುತ್ತದೆ, ಅದರಲ್ಲಿ ಹೊಸದೇನೂ ಇಲ್ಲ. ಬಿಸಿಬೇಳೆಬಾತ್ ಪುಡಿ ಮತ್ತು ರಸಂ ಪುಡಿ ಹಾಗಲ್ಲ. ಹೋಟೆಲಿನಲ್ಲಿ ತಿಂದ ರುಚಿ ಗೊತ್ತು, ಮನೆಯಲ್ಲಿ ಮಾಡಲು ಬರುವುದಿಲ್ಲ. ಹಾಗಾಗಿ ಮುಂಬೈ ಕಡೆಯ ಮೇಳಕ್ಕೆ ನನ್ನ ಆಯ್ಕೆ ಇದು: ಬಿಸಿಬೇಳೆಬಾತ್ ಪುಡಿ, ರಸಂ ಪುಡಿ, ಶೇಂಗಾ ಚಟ್ನಿ ಪುಡಿ, ಮತ್ತು ನಿಂತಲ್ಲೇ ತಿನ್ನಲು ಕೋಡುಬಳೆ. ಪುಣೆಯಾದರೆ ರಸಂ ತೆಗೆದು ಅಗಸಿ ಚಟ್ನಿ ಸೇರಿಸುತ್ತೇನೆ.

ಕೊಬ್ಬರಿ ಹಾಕಿದ ಚಟ್ನಿ ಪುಡಿಯನ್ನು ಮೇಳಕ್ಕೆ ಒಯ್ಯದಿರುವುದೇ ಮೇಲು. ಮಾಡಿದ ದಿನ ಅದರಷ್ಟು ರುಚಿ ಇನ್ನೊಂದಿಲ್ಲ, ಒಪ್ಪುತ್ತೇನೆ. ಆದರೆ ಮುಂಬೈ ಹವೆಯಲ್ಲಿ ಕೊಬ್ಬರಿ ಬೇಗ ಕಮಟು ಹಿಡಿಯುತ್ತದೆ. ಮೊದಲ ಸಲ ಕೊಂಡವರು ಪ್ಯಾಕೆಟ್ ಒಡೆಯುವುದು ಹದಿನೈದು ದಿನ ಬಿಟ್ಟು. ಆಗ ಕಮಟು ವಾಸನೆ ಬಂದರೆ ಮತ್ತೆ ನಿಮ್ಮ ಹೆಸರು ಎತ್ತುವುದಿಲ್ಲ.

ಬೆಲೆ: ₹80ಕ್ಕೆ ನೂರು ಗ್ರಾಮೋ, ₹100ಕ್ಕೆ ನೂರ ಇಪ್ಪತ್ತೈದೋ?

ಬೆಲೆಯನ್ನು ಪ್ಯಾಕೆಟ್ ತುಂಬುವ ಮೊದಲೇ ಯೋಚಿಸಬೇಕು. ಲೇಬಲ್ ಅಂಟಿಸಿದ ಮೇಲೆ ಯೋಚಿಸಿ ಪ್ರಯೋಜನವಿಲ್ಲ.

ನೂರು ಗ್ರಾಂ ಪುಡಿಗೆ ಸಾಮಾನು, ಗ್ಯಾಸು, ಬೀಸುವ ಖರ್ಚು ಸೇರಿ ₹36 ಬೀಳುತ್ತದೆ ಅಂದುಕೊಳ್ಳಿ. ಪೌಚು ಮತ್ತು ಲೇಬಲಿಗೆ ₹6. ಒಟ್ಟು ₹42. ₹80ಕ್ಕೆ ಮಾರಿದರೆ ಕೈಗೆ ₹38. ಬಾಡಿಗೆ ಮೊದಲಾದ ₹3,000 ಹುಟ್ಟಬೇಕಾದರೆ 79 ಪ್ಯಾಕೆಟ್ ಹೋಗಬೇಕು.

ಈಗ ಅದೇ ದರದಲ್ಲಿ 125 ಗ್ರಾಂ ತುಂಬಿ ₹100 ಇಡಿ. ಗ್ರಾಮಿಗೆ ಬೆಲೆ ಒಂದು ಪೈಸೆಯೂ ಏರಲಿಲ್ಲ. ಪುಡಿಗೆ ₹45, ಪೌಚಿಗೆ ಅದೇ ₹6, ಒಟ್ಟು ₹51. ಕೈಗೆ ₹49. ಈಗ 62 ಪ್ಯಾಕೆಟ್ ಹೋದರೆ ಖರ್ಚು ಹುಟ್ಟಿತು. ಹದಿನೇಳು ಪ್ಯಾಕೆಟ್ ಕಡಿಮೆ ಮಾರಿದರೂ ಸಾಕು. ಅದಕ್ಕಿಂತ ದೊಡ್ಡ ಲಾಭ ಚಿಲ್ಲರೆಯದು. ₹80 ಅಂದರೆ ಪ್ರತಿ ಗಿರಾಕಿಗೂ ₹20 ಹುಡುಕಬೇಕು. ಎರಡು ತೊಗೊಂಡರೆ ₹40. ಗುಂಪು ಇರುವಾಗ ಇದೇ ನಿಮ್ಮ ಕೈ ಕಟ್ಟುವುದು.

₹100 ಇಡುವುದರಲ್ಲಿ ಒಂದು ಕಷ್ಟ ಇದೆ. ಹೆಸರೇ ಕೇಳದ ಪುಡಿಗೆ ಮೊದಲ ಸಲ ನೂರು ರೂಪಾಯಿ ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ. ಅದಕ್ಕೇ ಕೋಡುಬಳೆ ಇರಬೇಕು, ₹50ಕ್ಕೆ. ಅದರಲ್ಲಿ ಕೈಗೆ ಸಿಗುವುದು ₹20 ಮಾತ್ರ. ಆದರೂ ಅದನ್ನು ತಿಂದು ಹತ್ತು ಹೆಜ್ಜೆ ಹೋದವರು ತಿರುಗಿ ಬಂದು ಪುಡಿ ಕೇಳುತ್ತಾರೆ. ಹೀಗೆ ಇಡೀ ಟೇಬಲಿನಲ್ಲಿ ಎರಡೇ ಬೆಲೆ: 50 ಮತ್ತು 100. 250 ಗ್ರಾಂ ಪ್ಯಾಕೆಟ್ ಮೇಳದಲ್ಲಿ ಬೇಡ. ಅದು ರುಚಿ ಗೊತ್ತಾದವರು ಆಮೇಲೆ ತರಿಸಿಕೊಳ್ಳುವಂಥದ್ದು.

ಈ ಲೆಕ್ಕದಲ್ಲಿ ನಿಮ್ಮ ಕೂಲಿ ಹಿಡಿದಿಲ್ಲ ಅಂತ ಗಮನಿಸಿದಿರಾ? ಹುರಿದು, ಪುಡಿ ಮಾಡಿ, ತುಂಬುವ ಗಂಟೆಗಳಿಗೂ ಬೆಲೆ ಕಟ್ಟಿ ನೋಡಿ. ಆಗ ₹80ರ ಮಾತನ್ನೇ ಬಿಡುತ್ತೀರಿ.

ಎಷ್ಟು ಪ್ಯಾಕೆಟ್: ಜನ ನೋಡಿಯೋ, ಕೈ ನೋಡಿಯೋ?

ಸಂಘಟಕರು "ಎರಡು ಸಾವಿರ ಜನ ಬರುತ್ತಾರೆ" ಎನ್ನುತ್ತಾರೆ. ಬರಲೂಬಹುದು. ಆದರೆ ಜನರ ಲೆಕ್ಕದಿಂದ ಮಾಲಿನ ಲೆಕ್ಕ ಹಾಕಿದರೆ ಯಾವಾಗಲೂ ಜಾಸ್ತಿಯಾಗುತ್ತದೆ. ನಾನು ಹೇಳುವುದು, ನಿಮ್ಮ ಕೈಗೆ ಎಷ್ಟು ಗಿರಾಕಿ ಸಾಧ್ಯ ಅಂತ ನೋಡಿ.

ಒಬ್ಬರು ಬಂದು, ರುಚಿ ನೋಡಿ, ಎರಡು ಪ್ರಶ್ನೆ ಕೇಳಿ, ದುಡ್ಡು ಕೊಟ್ಟು ಹೋಗಲು ಮೂರು ನಿಮಿಷ ಬೇಕು. ನಿಜವಾದ ಗದ್ದಲ ಸಂಜೆಗೆ ಎರಡೇ ಗಂಟೆ. ಕಾರ್ಯಕ್ರಮ ಶುರುವಾಗುವ ಮೊದಲು ಸ್ವಲ್ಪ, ಮಧ್ಯೆ ಬಿಡುವಿನಲ್ಲಿ ಬಹಳ, ಮುಗಿದ ಮೇಲೆ ಸ್ವಲ್ಪ. ಒಳಗೆ ನಾಟಕ ನಡೆಯುವಾಗ ಹೊರಗೆ ನಾಯಿಯೂ ಸುಳಿಯುವುದಿಲ್ಲ. ಗದ್ದಲದ ಗಂಟೆಗೆ 20 ಗಿರಾಕಿಯಂತೆ ಎರಡು ದಿನದ ನಾಲ್ಕು ಗಂಟೆಗೆ 80. ಉಳಿದ ಆರು ಗಂಟೆಗೆ, ಗಂಟೆಗೆ 5ರಂತೆ 30. ಒಟ್ಟು 110 ಗಿರಾಕಿ. ಒಬ್ಬರು ಸರಾಸರಿ ಒಂದೂವರೆ ಪ್ಯಾಕೆಟ್ ಕೊಂಡರೆ 165.

ಇದನ್ನು ಹೀಗೆ ಹಂಚಬಹುದು: ಬಿಸಿಬೇಳೆಬಾತ್ 45, ರಸಂ 40, ಶೇಂಗಾ ಚಟ್ನಿ 40, ಕೋಡುಬಳೆ 40. ಎಲ್ಲ ಮಾರಿಹೋದರೆ ಪುಡಿಯಿಂದ ₹6,125, ಕೋಡುಬಳೆಯಿಂದ ₹800, ಖರ್ಚು ₹3,000 ಕಳೆದು ಉಳಿಯುವುದು ₹3,925.

ಈಗ "ಕಮ್ಮಿ ಬೀಳಬಾರದು" ಅಂತ ಇನ್ನೂ 75 ಪುಡಿ ಪ್ಯಾಕೆಟ್ ಹೆಚ್ಚು ಒಯ್ದಿರಿ, ಅವು ಹೋಗಲಿಲ್ಲ ಅಂದುಕೊಳ್ಳಿ. ಅವುಗಳ ಮೇಲೆ ಹಾಕಿದ ದುಡ್ಡು 75 × 51, ಅಂದರೆ ₹3,825. ಎರಡು ದಿನದ ಲಾಭ ಹೆಚ್ಚುಕಡಿಮೆ ಪೂರ್ತಿ ಚೀಲದಲ್ಲಿ ವಾಪಸ್ ಮನೆಗೆ ಬಂತು. ಪುಡಿ ಕೆಡುವುದಿಲ್ಲ, ಮುಂದೆ ಮಾರಬಹುದು, ನಿಜ. ಆದರೆ ಪ್ಯಾಕ್ ಮಾಡಿದ ತಾರೀಖು ಅದರ ಮೇಲೆ ಅಚ್ಚಾಗಿದೆ. ಮುಂದಿನ ತಿಂಗಳ ಮೇಳದಲ್ಲಿ ಗಿರಾಕಿ ಪ್ಯಾಕೆಟ್ ತಿರುಗಿಸಿ ಮೊದಲು ನೋಡುವುದೇ ಅದನ್ನು.

ಎರಡು ದಿನದ ಮೇಳವಾದರೆ ಇದಕ್ಕೊಂದು ಒಳ್ಳೆಯ ಉಪಾಯ ಇದೆ. 125 ಪುಡಿ ಪ್ಯಾಕೆಟಿನಲ್ಲಿ ಶನಿವಾರಕ್ಕೆ 85 ಮಾತ್ರ ತುಂಬಿ. ಉಳಿದ 40 ಪ್ಯಾಕೆಟಿನ ಪುಡಿ, ಅಂದರೆ ಐದು ಕಿಲೋ, ಬಿಗಿ ಮುಚ್ಚಳದ ಡಬ್ಬಗಳಲ್ಲಿ ಬಿಡಿಯಾಗಿ ಇರಲಿ. ಮೂರೂ ಪುಡಿ ಸ್ವಲ್ಪ ಸ್ವಲ್ಪ ಹೆಚ್ಚೇ ಇರಬೇಕು. ಶನಿವಾರ ರಾತ್ರಿ ಯಾವುದು ಓಡಿತು ಅಂತ ನೋಡಿ ಅದನ್ನೇ ತುಂಬಿ, ಸೀಲ್ ಹಾಕಿ. ಉಳಿದ ಬಿಡಿ ಪುಡಿ ಮನೆಗೂ ಆಯಿತು, ಪರಿಚಯದವರಿಗೂ ಆಯಿತು. ಕೋಡುಬಳೆಯೂ ಹಾಗೆ. ಶನಿವಾರಕ್ಕೆ 25 ಪ್ಯಾಕೆಟ್, ಭಾನುವಾರದ್ದನ್ನು ಭಾನುವಾರ ಬೆಳಿಗ್ಗೆ ಕರಿಯಿರಿ.

ಪೌಚಿನ ವಿಷಯ ಎರಡು ಮಾತು. ಪೂರ್ತಿ ಪಾರದರ್ಶಕ ಪೌಚಿನಲ್ಲಿ ಬ್ಯಾಡಗಿ ಮೆಣಸಿನ ಬಣ್ಣ ಚೆನ್ನಾಗಿ ಕಾಣುತ್ತದೆ, ಆದರೆ ಬೆಳಕಿಗೆ ಅದೇ ಬಣ್ಣ ಮಾಸುತ್ತದೆ. ಹಿಂದೆ ಬೆಳ್ಳಿ ಪದರ, ಮುಂದೆ ಸಣ್ಣ ಕಿಟಕಿ ಇರುವ ನಿಲ್ಲುವ ಪೌಚು ವಾಸಿ. ಪುಡಿ ಪೂರ್ತಿ ಆರುವವರೆಗೆ ತುಂಬಬೇಡಿ. ಬಿಸಿ ಇರುವಾಗ ತುಂಬಿದರೆ ಒಳಗೆ ಬೆವರಿ ಮಾರನೆಯ ದಿನ ಗಂಟುಗಟ್ಟುತ್ತದೆ. ಸೀಲ್ ಸರಿಯಾಗಿದೆಯೇ ಅಂತ ತಿಳಿಯಲು ಪ್ಯಾಕೆಟನ್ನು ಅಂಗೈಯಲ್ಲಿ ಒತ್ತಿ ಕಿವಿಯ ಹತ್ತಿರ ಹಿಡಿಯಿರಿ. ಗಾಳಿ ಸುಯ್ ಎಂದರೆ ಮತ್ತೊಮ್ಮೆ ಹಾಕಿ.

ಲೇಬಲ್ ಮೇಲೆ ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದ ತಾರೀಖು, ಎಷ್ಟು ದಿನದೊಳಗೆ ಬಳಸಬೇಕು, ನಿಮ್ಮ ವಿಳಾಸ, ದೂರಿಗೆ ಫೋನ್, ಸಸ್ಯಾಹಾರದ ಹಸಿರು ಗುರುತು ಇರಬೇಕು. ಮನೆಯಲ್ಲಿ ಮಾಡಿ ಮಾರುವವರಿಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಅದರ 14 ಅಂಕಿಯ ಸಂಖ್ಯೆಯೂ ಲೇಬಲಿನಲ್ಲಿ ಬರಬೇಕು. ಶೇಂಗಾ ಇದೆ ಎಂಬುದನ್ನು ಎದ್ದು ಕಾಣುವಂತೆ ಬರೆಯಿರಿ. ಕೆಲವರಿಗೆ ಅದು ಆಗಿಬರುವುದಿಲ್ಲ.

ಟೇಬಲ್ ಮೇಲೆ: ಹರಡಿಯೋ, ಮೆಟ್ಟಿಲಾಗಿಯೋ?

ಪ್ಯಾಕೆಟ್‌ಗಳನ್ನು ಟೇಬಲ್ ಮೇಲೆ ಚಪ್ಪಟೆಯಾಗಿ ಹರಡಿದರೆ ಹತ್ತಿರ ಬಂದವರಿಗೆ ಮಾತ್ರ ಕಾಣುತ್ತದೆ. ಮುಂದೆ ಇಬ್ಬರು ನಿಂತರೆ ಮೂರನೆಯವರಿಗೆ ಬರೀ ಬೆನ್ನು. ಮೂರು ಮೆಟ್ಟಿಲು ಮಾಡಿ ನಿಲ್ಲಿಸಿದರೆ ದೂರದಿಂದಲೂ ಕಾಣುತ್ತದೆ. ಇದಕ್ಕೆ ಸ್ಟ್ಯಾಂಡು ಕೊಳ್ಳಬೇಕಿಲ್ಲ. ಪ್ಯಾಕೆಟ್ ತಂದ ರಟ್ಟಿನ ಡಬ್ಬಗಳನ್ನೇ ಬೋರಲು ಹಾಕಿ, ಮೇಲೆ ಒಂದೇ ಬಣ್ಣದ ಬಟ್ಟೆ ಹೊದಿಸಿ. ಇಳಕಲ್ ಸೀರೆ ಹಾಸುವವರಿದ್ದಾರೆ, ನೋಡಲು ಚಂದ. ಆದರೆ ಕೆಂಪು ಸೀರೆಯ ಮೇಲೆ ಕೆಂಪು ಪುಡಿಯ ಪ್ಯಾಕೆಟ್ ಕಾಣುವುದೇ ಇಲ್ಲ. ಬಿಳಿ ಅಥವಾ ತೆಳು ಹಳದಿ ಸಾಕು.

ಎಲ್ಲ ಮಾಲನ್ನೂ ಮೇಲೆ ಇಡಬೇಡಿ. ಒಂದೊಂದು ಬಗೆಯದು ಎಂಟು ಹತ್ತು ಇರಲಿ, ಉಳಿದದ್ದು ಕೆಳಗೆ. ಎರಡೇ ಪ್ಯಾಕೆಟ್ ಉಳಿದಿದ್ದರೆ ಜನ "ಉಳಿದ ಮಾಲು" ಅಂದುಕೊಂಡು ಮುಟ್ಟುವುದಿಲ್ಲ. ಹಾಗಾಗಿ ಆಗಾಗ ತುಂಬುತ್ತಿರಿ.

ಹೆಸರಿನ ಫಲಕ ಕನ್ನಡದಲ್ಲೂ ಮರಾಠಿಯಲ್ಲೂ ಇರಲಿ. ಬರೀ ಹೆಸರಲ್ಲ, ಹೇಗೆ ಬಳಸುವುದು ಎಂಬುದೂ ಒಂದು ಸಾಲಿನಲ್ಲಿ. "ಒಂದು ಕಪ್ ಅಕ್ಕಿ, ಬೇಳೆ, ತರಕಾರಿಗೆ ಮೂರು ದೊಡ್ಡ ಚಮಚ" ಅಂತ ಬರೆದಿದ್ದರೆ ಬಿಸಿಬೇಳೆಬಾತ್ ಪುಡಿಯ ಅರ್ಧ ಪ್ರಶ್ನೆ ಅಲ್ಲೇ ಮುಗಿಯುತ್ತದೆ. ಬೆಲೆ ದೊಡ್ಡದಾಗಿ ಬರೆಯಿರಿ. ಬೆಲೆ ಕೇಳಲು ನಾಚಿಕೊಂಡು ಹಾಗೇ ಹೋಗುವವರು ಬಹಳ ಮಂದಿ.

ಇನ್ನು ರುಚಿ ತೋರಿಸುವುದು. ಒಣ ಪುಡಿಯನ್ನು ಅಂಗೈಗೆ ಹಾಕುವುದು ಸುಲಭ, ಆದರೆ ಬಿಸಿಬೇಳೆಬಾತ್ ಪುಡಿ ಹಸಿಯಾಗಿ ನಾಲಿಗೆಗೆ ಹಾಕಿದರೆ ಮೆಣಸಿನ ಘಾಟು, ದಾಲ್ಚಿನ್ನಿಯ ಕಹಿ ಅಷ್ಟೇ. ಅದು ಪುಡಿಗೆ ಅನ್ಯಾಯ. ಬಾತನ್ನೇ ಮಾಡಿ ಹಾಟ್‌ಪಾಟಿನಲ್ಲಿ ಒಯ್ದು, ಸಣ್ಣ ಪೇಪರ್ ಕಪ್ಪಿನಲ್ಲಿ ಒಂದು ಚಮಚ ಕೊಡುವುದು ಒಂದು ದಾರಿ. ಫ್ಲಾಸ್ಕಿನಲ್ಲಿ ರಸಂ ಒಯ್ಯುವುದು ಇನ್ನೊಂದು. ಬಾತು ಎರಡು ಮೂರು ಗಂಟೆಯಲ್ಲಿ ಗಟ್ಟಿಯಾಗಿ ಕೈಗೆ ಅಂಟುತ್ತದೆ, ಚಮಚ ತೊಳೆಯುವುದೇ ಒಂದು ಕೆಲಸ. ಜೊತೆಗೆ ಊಟದ ಸ್ಟಾಲಿನವರು "ಇವರೂ ತಿಂಡಿ ಕೊಡುತ್ತಿದ್ದಾರೆ" ಅಂತ ತಕರಾರು ಎತ್ತುತ್ತಾರೆ. ರಸಂ ಸುರಿದು ಕೊಟ್ಟರಾಯಿತು, ಫ್ಲಾಸ್ಕಿನಲ್ಲಿ ಸಂಜೆ ಪೂರ್ತಿ ಬಿಸಿ ಇರುತ್ತದೆ, ಅದರ ಪರಿಮಳ ಪಕ್ಕದ ಮೂರು ಟೇಬಲಿಗೆ ಹೋಗುತ್ತದೆ. ನಾನು ರಸಂ ಕಡೆ. ಶೇಂಗಾ ಚಟ್ನಿಗೆ ಎಣ್ಣೆ ಕಲಸಿ ಚಪಾತಿಯ ಚೂರಿನ ಮೇಲೆ ಹಚ್ಚಿ ಕೊಡಿ. ಕೊಡುವುದು ನೀವೇ ಆಗಿರಲಿ. ಬಟ್ಟಲು, ಚಮಚ ಮುಂದಿಟ್ಟರೆ ಅದೇ ಚಮಚ ಹತ್ತು ಬಾಯಿಗೆ ಹೋಗುತ್ತದೆ.

ಫ್ಯಾನಿನ ಕೆಳಗೆ ಟೇಬಲ್ ಸಿಕ್ಕರೆ ಸಂತೋಷಪಡಬೇಡಿ. ತೆರೆದ ಪುಡಿ ಹಾರಿ ಎದುರಿನವರ ಕಣ್ಣಿಗೆ ಬೀಳುತ್ತದೆ, ಕೋಡುಬಳೆ ಗಂಟೆಯೊಳಗೆ ಮೆತ್ತಗಾಗುತ್ತದೆ. ರುಚಿಯ ಕೋಡುಬಳೆಯನ್ನು ಮುಚ್ಚಳದ ಡಬ್ಬದಲ್ಲೇ ಇಟ್ಟುಕೊಳ್ಳಿ.

ಚೀಲಕ್ಕೆ ಪೇಪರ್ ಸಾಕು. ಪ್ಲಾಸ್ಟಿಕ್ ಕೈಚೀಲ ಮಹಾರಾಷ್ಟ್ರದಲ್ಲಿ 2018ರಿಂದಲೇ ನಿಷೇಧ.

ದುಡ್ಡು: ನಗದೋ, ಯುಪಿಐಯೋ?

ಎರಡೂ ಬೇಕು, ಅದರಲ್ಲಿ ಆಯ್ಕೆಯಿಲ್ಲ. ಆಯ್ಕೆ ಇರುವುದು ಯಾರು ಹಿಡಿಯುತ್ತಾರೆ, ಹೇಗೆ ತಾಳೆ ನೋಡುತ್ತಾರೆ ಎಂಬುದರಲ್ಲಿ.

ಗಲ್ಲಾ ಒಬ್ಬರದೇ ಆಗಿರಲಿ. ಒಬ್ಬರು ರುಚಿ ತೋರಿಸಿ ಮಾತಾಡಲಿ, ಇನ್ನೊಬ್ಬರು ದುಡ್ಡು ಮಾತ್ರ ನೋಡಲಿ. ಇಬ್ಬರೂ ಎರಡನ್ನೂ ಮಾಡಿದರೆ ಗದ್ದಲದಲ್ಲಿ "ನೀವು ತೊಗೊಂಡ್ರಾ?" "ನೀವು ತೊಗೊಂಡಿರಿ ಅಂದ್ಕೊಂಡೆ" ಎಂಬ ಮಾತು ಬಂದೇ ಬರುತ್ತದೆ. ಟೇಬಲ್ ಮೇಲಿನ ಡಬ್ಬಕ್ಕಿಂತ ಸೊಂಟದ ಪೌಚು ಒಳ್ಳೆಯದು. ಡಬ್ಬ ಬಿಟ್ಟು ಏಳಲಾಗುವುದಿಲ್ಲ, ಸೊಂಟದ್ದು ಜೊತೆಗೇ ಬರುತ್ತದೆ.

ಬೆಲೆ 50 ಮತ್ತು 100 ಆದ್ದರಿಂದ ಚಿಲ್ಲರೆಯೂ ಸರಳ. ಬೋಣಿಗೇ ಐನೂರರ ನೋಟು ಕೊಟ್ಟು ಒಂದು ಪ್ಯಾಕೆಟ್ ಕೇಳುವವರು ಇರುತ್ತಾರೆ. ಒಬ್ಬರಿಗೇ ನಾಲ್ಕು ನೂರರ ನೋಟು ಹೋಯಿತು. ಹಾಗಾಗಿ ನೂರರ 15 ನೋಟು, ಐವತ್ತರ 10 ನೋಟು, ಒಟ್ಟು ₹2,000 ಒಯ್ಯಿರಿ. ಅದನ್ನು ಪುಸ್ತಕದ ಮೊದಲ ಸಾಲಿನಲ್ಲಿ ಬರೆದುಬಿಡಿ, ರಾತ್ರಿ ಅದು ವ್ಯಾಪಾರದ ದುಡ್ಡಿನಲ್ಲಿ ಸೇರಬಾರದು.

ಯುಪಿಐಗೆ ಕ್ಯೂಆರ್ ಅಚ್ಚು ಹಾಕಿ ಎರಡು ಕಡೆ ಇಡಿ: ಒಂದು ಮುಂದೆ, ಒಂದು ಪಕ್ಕದಲ್ಲಿ ಎದೆಯ ಎತ್ತರಕ್ಕೆ. ಸೌಂಡ್‌ಬಾಕ್ಸ್ ಇದ್ದರೆ ಒಳ್ಳೆಯದೇ. ಆದರೆ ಒಳಗಿನ ಸ್ಪೀಕರ್ ಗದ್ದಲದಲ್ಲಿ ಅದು ಕೇಳಿಸುವುದಿಲ್ಲ. ಫೋನಿನಲ್ಲೇ ನೋಡುವುದಾದರೆ ಆ ಫೋನು ಗಲ್ಲಾದವರ ಕೈಯಲ್ಲೇ ಇರಬೇಕು. ಮಗನ ಖಾತೆಯ ಕ್ಯೂಆರ್ ಇಟ್ಟು ಮಗ ಮನೆಯಲ್ಲಿದ್ದರೆ, ದುಡ್ಡು ಬಂತೋ ಇಲ್ಲವೋ ಕೇಳಲು ಪ್ರತಿ ಸಲ ಫೋನ್ ಮಾಡಬೇಕು. ಗಿರಾಕಿ ತೋರಿಸುವ ಹಸಿರು ಟಿಕ್ ಮಾರ್ಕನ್ನೋ ಸ್ಕ್ರೀನ್‌ಶಾಟನ್ನೋ ನಂಬಿ ಕೂರಬೇಡಿ, ನಿಮ್ಮ ಆ್ಯಪಿನಲ್ಲಿ ಬಂದಿದೆಯಾ ನೋಡಿ. ಸ್ಕ್ಯಾನ್ ಮಾಡಿದಾಗ "ಯಾವ ಹೆಸರು ಬಂತು?" ಅಂತ ಕೇಳುವುದೂ ಒಳ್ಳೆಯ ರೂಢಿ. ನಿಮ್ಮ ಫಲಕದ ಮೇಲೆ ಯಾರಾದರೂ ತಮ್ಮ ಕ್ಯೂಆರ್ ಅಂಟಿಸಿದ್ದರೆ ಅಲ್ಲೇ ಗೊತ್ತಾಗುತ್ತದೆ. ನೆಲಮಾಳಿಗೆಯ ಹಾಲ್‌ಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಹಿಂದಿನ ದಿನವೇ ಹೋಗಿ ನಿಮ್ಮ ಟೇಬಲಿನ ಜಾಗದಲ್ಲಿ ನಿಂತು ಒಂದು ರೂಪಾಯಿ ಕಳಿಸಿ ನೋಡಿ.

ಲೆಕ್ಕ ಇಡಲೂ ಎರಡು ದಾರಿ. ಪ್ರತಿ ಮಾರಾಟವನ್ನೂ ಬರೆಯುವುದು, ಇಲ್ಲವೇ ಪ್ಯಾಕೆಟ್ ಎಣಿಸುವುದು. ಗದ್ದಲದಲ್ಲಿ ಬರೆಯುವುದು ತಪ್ಪಿಯೇ ತಪ್ಪುತ್ತದೆ. ಪ್ಯಾಕೆಟ್ ಎಣಿಕೆ ತಪ್ಪುವುದು ಕಷ್ಟ. ಶನಿವಾರ ರಾತ್ರಿಯ ಲೆಕ್ಕ ಹೀಗಿದೆ ಅಂದುಕೊಳ್ಳಿ. ಪುಡಿ 85 ಒಯ್ದಿದ್ದು, 22 ಉಳಿದಿದೆ, 2 ರುಚಿಗೆ ಒಡೆದದ್ದು. ಮಾರಿದ್ದು 61, ಬರಬೇಕಾದದ್ದು ₹6,100. ಕೋಡುಬಳೆ 25ರಲ್ಲಿ 6 ಉಳಿದಿದೆ, 19 ಮಾರಿ ₹950. ಒಟ್ಟು ₹7,050 ಇರಬೇಕು. ಪೌಚಿನಲ್ಲಿ ₹4,850 ಇದೆ, ಚಿಲ್ಲರೆಯ ₹2,000 ಕಳೆದರೆ ₹2,850. ಯುಪಿಐನಲ್ಲಿ ₹4,100. ಎರಡೂ ಸೇರಿ ₹6,950. ನೂರು ರೂಪಾಯಿ ಕಡಿಮೆ.

ಒಂದು ಪ್ಯಾಕೆಟಿನ ದುಡ್ಡು ಬಂದಿಲ್ಲ. ಸಂಘದ ಅಧ್ಯಕ್ಷರಿಗೆ ಸುಮ್ನೆ ಕೊಟ್ಟದ್ದೇ? ಉದ್ರಿ ಒಯ್ದವರು ಯಾರಾದರೂ ಇದ್ದಾರಾ? ಯುಪಿಐ ಒಂದು ಅರ್ಧಕ್ಕೇ ನಿಂತಿದೆಯೇ? ಅದೇ ರಾತ್ರಿ ಕೂತರೆ ಇಬ್ಬರಲ್ಲಿ ಒಬ್ಬರಿಗೆ ನೆನಪಾಗುತ್ತದೆ. ಸೋಮವಾರ ಕೂತರೆ ಯಾರಿಗೂ ನೆನಪಿರುವುದಿಲ್ಲ. ಬಗೆಯ ಪ್ರಕಾರ ಎಣಿಸಿದರೆ ಭಾನುವಾರಕ್ಕೆ ಯಾವುದನ್ನು ತುಂಬಬೇಕು ಎಂಬುದೂ ಇದರಲ್ಲೇ ಸಿಗುತ್ತದೆ.

ಆಮೇಲೆ: ಕಾರ್ಡೋ, ಪುಸ್ತಕವೋ, ವಾಟ್ಸಾಪೋ?

ಕಾರ್ಡು ಕೊಟ್ಟರೆ ಅದು ಪರ್ಸಿನ ಯಾವುದೋ ಮೂಲೆ ಸೇರುತ್ತದೆ. ಫೋನ್ ಮಾಡುವ ಕೆಲಸ ಅವರದ್ದಾಗುತ್ತದೆ, ಅವರು ಮಾಡುವುದಿಲ್ಲ. ಪುಸ್ತಕದಲ್ಲಿ ನಂಬರ್ ಬರೆಸಿಕೊಂಡರೆ ಮನೆಗೆ ಬಂದು ನೋಡಿದಾಗ ಒಂಬತ್ತೇ ಅಂಕಿ, ಇಲ್ಲವೇ ಒಂದೋ ಏಳೋ ತಿಳಿಯದ ಬರಹ. ಎಲ್ಲಕ್ಕಿಂತ ಗಟ್ಟಿ ದಾರಿ, ಅಲ್ಲೇ ನಿಂತು ಅವರ ಫೋನಿನಿಂದ ನಿಮಗೆ ವಾಟ್ಸಾಪಿನಲ್ಲಿ "ರಸಂ" ಅಂತ ಒಂದು ಪದ ಕಳಿಸಲು ಹೇಳುವುದು. "ಹೊಸ ಪುಡಿ ಮಾಡಿದಾಗ ತಿಳಿಸಲಾ?" ಅಂತ ಒಂದು ಮಾತು ಕೇಳಿ, ಹೂಂ ಅಂದವರನ್ನು ಮಾತ್ರ ಸೇರಿಸಿಕೊಳ್ಳಿ. ನಿಮ್ಮ ನಂಬರ್ ಸೇವ್ ಮಾಡಿಕೊಳ್ಳಲೂ ಹೇಳಿ. ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳಿಸಿದ್ದು, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುವುದು.

ಗ್ರೂಪ್ ಮಾಡುವುದಕ್ಕಿಂತ ಬ್ರಾಡ್‌ಕಾಸ್ಟ್ ಪಟ್ಟಿ ಮೇಲು. ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ, ಅದು ಸರಿಯಲ್ಲ. ಒಬ್ಬರು ದಿನಾ ಶುಭೋದಯ ಹಾಕುತ್ತಾರೆ, ಉಳಿದವರು ಹೊರಗೆ ಹೋಗುತ್ತಾರೆ. ಬ್ರಾಡ್‌ಕಾಸ್ಟ್‌ನಲ್ಲಿ ಒಂದು ಪಟ್ಟಿಗೆ 256 ಜನ ಹಿಡಿಯುತ್ತಾರೆ, ಒಂದು ಮೇಳಕ್ಕೆ ಅದು ಧಾರಾಳ.

ಹೆಸರಿನ ಪಕ್ಕದಲ್ಲೇ ಏನು ಕೊಂಡರು, ಏನು ಕೇಳಿದರು ಅಂತ ಸೇರಿಸಿ ಸೇವ್ ಮಾಡಿ: "ಬಿಸಿಬೇಳೆ, ಖಾರ ಕಮ್ಮಿ, ಠಾಣೆ". ಇದು ಯಾಕೆ ಬೇಕೆಂದರೆ, ಎರಡನೆಯ ಮೆಸೇಜಿನ ಸಮಯ ಪುಡಿಯಿಂದ ಪುಡಿಗೆ ಬೇರೆ. ಶೇಂಗಾ ಚಟ್ನಿ 125 ಗ್ರಾಂ ನಾಲ್ಕು ಜನರ ಮನೆಯಲ್ಲಿ ಎರಡು ಮೂರು ವಾರದಲ್ಲಿ ಮುಗಿಯುತ್ತದೆ. ಬಿಸಿಬೇಳೆಬಾತಿಗೆ ಸಲಕ್ಕೆ ಇಪ್ಪತ್ತು ಇಪ್ಪತ್ತೈದು ಗ್ರಾಂ ಹೋಗುತ್ತದೆ, ಅಂದರೆ ಐದಾರು ಸಲ. ವಾರಕ್ಕೊಮ್ಮೆ ಮಾಡಿದರೆ ಐದಾರು ವಾರ. ರಸಂ ಪುಡಿ ಸಲಕ್ಕೆ ಎರಡು ಸಣ್ಣ ಚಮಚ, ಸುಮಾರು ಐದು ಗ್ರಾಂ. ಇಪ್ಪತ್ತೈದು ಸಲ ಬರುತ್ತದೆ. ವಾರಕ್ಕೆ ಮೂರು ಸಲ ಮಾಡುವ ಮನೆಗೂ ಎರಡು ತಿಂಗಳು. ಎಲ್ಲರಿಗೂ ಹದಿನೈದು ದಿನಕ್ಕೆ "ಆರ್ಡರ್ ಕೊಡಿ" ಅಂತ ಕಳಿಸಿದರೆ ರಸಂ ಕೊಂಡವರಿಗೆ ಬರೀ ಕಿರಿಕಿರಿ. ಮೊದಲ ಮೆಸೇಜ್ ಮಾತ್ರ ಎರಡು ದಿನದೊಳಗೆ ಎಲ್ಲರಿಗೂ ಹೋಗಲಿ. ಅದರಲ್ಲಿ ಮಾರಾಟ ಬೇಡ, ಬಳಸುವ ವಿಧಾನ ಇರಲಿ. ತಪ್ಪು ಅಳತೆ ಹಾಕಿ ರುಚಿ ಕೆಟ್ಟರೆ ಜನ ಬೈಯುವುದು ಪುಡಿಯನ್ನೇ ಅಲ್ವಾ.

ತಲುಪಿಸುವುದಕ್ಕೆ ಕೊರಿಯರೋ ಸ್ಟೇಷನ್ನೋ? ಒಂದು ₹100 ಪ್ಯಾಕೆಟನ್ನು ಕೊರಿಯರ್ ಮಾಡಿದರೆ ಲಾಭ ಅದಕ್ಕೇ ಹೋಗುತ್ತದೆ. ಅರ್ಧ ಕಿಲೋಗಿಂತ ಕಡಿಮೆಗೆ ಕೊರಿಯರ್ ಇಲ್ಲ ಅಂತ ಮೊದಲೇ ಹೇಳಿ. ಲೋಕಲ್ ಲೈನಿನ ಉದ್ದಕ್ಕೂ ಇರುವ ಗಿರಾಕಿಗಳಿಗೆ ವಾರದಲ್ಲಿ ಒಂದು ದಿನ, ಒಂದು ಹೊತ್ತು, ಒಂದು ಸ್ಟೇಷನ್ನಿನ ಟಿಕೆಟ್ ಕೌಂಟರ್ ಹತ್ತಿರ ಕೈಗೇ ಕೊಡುವುದು ಅಗ್ಗ. ದಿನ ಬದಲಾಯಿಸಬೇಡಿ. ಶುಕ್ರವಾರ ಸಂಜೆ ಅಂದರೆ ಶುಕ್ರವಾರ ಸಂಜೆಯೇ.

ಮೇಳದಲ್ಲಿ ಒಬ್ಬಿಬ್ಬರು ಅಂಗಡಿಯವರೂ ಬರುತ್ತಾರೆ. "ತಿಂಗಳಿಗೆ ನೂರು ಪ್ಯಾಕೆಟ್ ಇಡುತ್ತೇವೆ" ಎನ್ನುತ್ತಾರೆ. ಕೇಳಲು ಖುಷಿ. ಅವರು ನೂರಕ್ಕೆ ಮೂವತ್ತು ತಮಗೆ ಕೇಳಿದರೆ ನಿಮ್ಮ ₹49ರಲ್ಲಿ ಉಳಿಯುವುದು ₹19. ಜೊತೆಗೆ ದುಡ್ಡು ಮಾರಿದ ಮೇಲೆ, ಮಾರದ್ದು ವಾಪಸ್. ಅದೇ ನೂರು ಪ್ಯಾಕೆಟ್ ನೇರ ಗಿರಾಕಿಗೆ ಹೋದರೆ ₹4,900, ಅಂಗಡಿಯಿಂದ ₹1,900. ಬಾಡಿಗೆಯಿಲ್ಲ, ನಿಲ್ಲುವ ಕೆಲಸವಿಲ್ಲ, ಅದೂ ನಿಜ. ಹಾಗಾಗಿ ನಾನಾದರೆ ಬೇಡ ಎನ್ನುವುದಿಲ್ಲ. ರಸಂ ಪುಡಿ ಒಂದನ್ನೇ ಕೊಡುತ್ತೇನೆ, ಬೇಗ ಕೆಡದ್ದು ಅದು. ಮೊದಲ ಸಲ ಇಪ್ಪತ್ತೇ ಪ್ಯಾಕೆಟ್, ಅರ್ಧ ದುಡ್ಡು ಮುಂಚೆ. ಅದಕ್ಕೆ ಒಪ್ಪದವರ ನಂಬರನ್ನೂ ಸೇವ್ ಮಾಡಿಟ್ಟುಕೊಳ್ಳುತ್ತೇನೆ, "ಅಂಗಡಿ, ಉದ್ರಿ" ಅಂತ.